ಬೇಸ್ ಫೇರ್: ಟಿಕೆಟ್ ರದ್ದಾದಾಗ ಕೈಬಿಡುವ ಹಣ

ವಿಮಾನದ ಟಿಕೆಟ್‌ಗೆ ಕೊಟ್ಟ ದುಡ್ಡು ಒಂದೇ ಮೊತ್ತವಲ್ಲ, ನಾಲ್ಕೈದು ಬಾಬ್ತುಗಳ ಗಂಟು. ಅದರಲ್ಲಿ ವಿಮಾನ ಕಂಪನಿಯ ಸ್ವಂತ ದರಕ್ಕೆ ಬೇಸ್ ಫೇರ್ ಎನ್ನುತ್ತಾರೆ. ಇಂಧನದ ಸರ್‌ಚಾರ್ಜ್ ಇದ್ದರೆ ಅದೂ ಕಂಪನಿಯದೇ. ಟಿಕೆಟ್ ರದ್ದು ಮಾಡಿದಾಗ ಕತ್ತರಿ ಬೀಳುವುದು ಮುಖ್ಯವಾಗಿ ಇವೆರಡರ ಮೇಲೆ.

ಕಾರವಾರದವರೊಬ್ಬರು ಗೋವಾದ ದಾಬೋಳಿಯಿಂದ ಬೆಂಗಳೂರಿಗೆ 4,465 ರೂಪಾಯಿಯ ಅಗ್ಗದ ಟಿಕೆಟ್ ತೆಗೆದರು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬೇಸ್ ಫೇರ್ 3,000, ಇಂಧನಕ್ಕೆ 300, ಇವೆರಡರ ಮೇಲೆ ಶೇ. 5ರ ಜಿಎಸ್‌ಟಿ 165, ನಿಲ್ದಾಣದ ಬಳಕೆ ಮತ್ತು ಭದ್ರತಾ ಶುಲ್ಕ 650, ಕನ್ವೀನಿಯನ್ಸ್ ಫೀ 350. ಪ್ರಯಾಣಕ್ಕೆ ಎರಡು ದಿನ ಇರುವಾಗ ರದ್ದು ಮಾಡಿದರು. ಕಂಪನಿಯ ದರಪಟ್ಟಿಯಲ್ಲಿ ರದ್ದತಿ ಶುಲ್ಕ 3,500. ಆದರೆ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದ ಪ್ರಕಾರ ಈ ಶುಲ್ಕ ಬೇಸ್ ಫೇರ್ ಮತ್ತು ಇಂಧನ ಸರ್‌ಚಾರ್ಜ್ ಸೇರಿದ ಮೊತ್ತವನ್ನು ಮೀರುವಂತಿಲ್ಲ. ಹಾಗಾಗಿ ಹೋಗುವುದು 3,300. ಟಿಕೆಟ್ ಅಗ್ಗವಾದಷ್ಟೂ ದರ ಪೂರ್ತಿ ಮುಳುಗುವುದು ಇದೇ ಕಾರಣಕ್ಕೆ.

ತೆರಿಗೆಯಾದರೂ ಬರಬೇಕಲ್ಲ ಎಂದು ಕೇಳುವವರು ಬಹಳ. ಕಂಪನಿ ಇಟ್ಟುಕೊಂಡ ರದ್ದತಿ ಶುಲ್ಕಕ್ಕೂ ಪ್ರಯಾಣದ ದರದಲ್ಲೇ ಜಿಎಸ್‌ಟಿ ಬೀಳುತ್ತದೆಂದು 2022ರ ಆಗಸ್ಟ್‌ನ ಸುತ್ತೋಲೆ ಹೇಳಿದೆ. ಹಾಗಾಗಿ 165 ಆ 3,300ರ ಬೆನ್ನಿಗೇ ಹೋಯಿತು. ಕನ್ವೀನಿಯನ್ಸ್ ಫೀ ಬುಕಿಂಗ್ ಮಾಡಿದ್ದಕ್ಕೆ ಕೊಟ್ಟದ್ದು, ಸಾಮಾನ್ಯವಾಗಿ ವಾಪಸಿಲ್ಲ. ಅದು ತಲೆಗೊಂದರಂತೆ ಬೀಳುವುದರಿಂದ ನಾಲ್ಕು ಜನರ ಕುಟುಂಬಕ್ಕೆ 1,400 ಅಲ್ಲೇ ಹೋದಂತೆ. ಉಳಿದದ್ದು ನಿಲ್ದಾಣದ 650. ಬುಕಿಂಗ್ ತಾಣ ತನ್ನ ಸೇವಾ ಶುಲ್ಕವೆಂದು ಮತ್ತೆ 300 ಮುರಿದುಕೊಂಡರೆ ಕೈಗೆ ಬರುವುದು 350.

ಈ 650 ಮಾತ್ರ ಬಿಡಬೇಡಿ. ರೀಫಂಡ್ ಇಲ್ಲ ಎಂದು ಬರೆದ ಆಫರ್ ಟಿಕೆಟ್‌ಗೂ, ವಿಮಾನ ತಪ್ಪಿ ನೋ-ಶೋ ಆದವರಿಗೂ ಅದು ವಾಪಸ್ ಬರಬೇಕು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಂಥ ದಿನ ಹೊನ್ನಾವರದವರು ದಾರಿಯಲ್ಲೇ ಸಿಕ್ಕಿಬಿದ್ದರೂ, ಟಿಕೆಟ್ ರದ್ದು ಮಾಡದಿದ್ದರೆ ಅದು ಬರೀ ನೋ-ಶೋ. ದರ ಪೂರ್ತಿ ಹೋಗುತ್ತದೆ. ಸ್ವಲ್ಪ ದುಬಾರಿ ದರದ ಟಿಕೆಟ್ ಇದ್ದರೆ ಕಂಪನಿ ಹೇಳಿದ ಗಡುವಿನೊಳಗೆ, ಅಂದರೆ ಹೊರಡುವ ಕೆಲವು ತಾಸು ಮೊದಲೇ, ಫೋನಿನಲ್ಲೇ ರದ್ದು ಮಾಡುವುದು ಲಾಭ. ಕಂಪನಿಯೇ ವಿಮಾನ ರದ್ದು ಮಾಡಿದರೆ ಈ ರದ್ದತಿ ಶುಲ್ಕ ಇಲ್ಲ.

ಹಣ ಕಡಿಮೆ ಬಂತೆನಿಸಿದರೆ ಇ-ಟಿಕೆಟ್‌ನ ದರ ವಿವರದಲ್ಲಿ ನಿಲ್ದಾಣ ಬಳಕೆಯ UDF, ಭದ್ರತೆಯ ASF ಸಾಲುಗಳನ್ನು ಕೂಡಿಸಿ. ಬಂದ ಹಣ ಅದಕ್ಕಿಂತ ಕಡಿಮೆಯಿದ್ದರೆ ಮುರಿದದ್ದು ಕಂಪನಿಯೋ ಬುಕಿಂಗ್ ತಾಣವೋ ಎಂದು ರೀಫಂಡ್ ವಿವರದಲ್ಲಿ ನೋಡಿ. ಕಂಪನಿಯಾದರೆ ಮೊದಲು ಅವರಿಗೆ ಬರೆದು ಕೇಳಿ, ಒಪ್ಪದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ಪಿಎನ್‌ಆರ್ ಹಾಕಿ ದೂರು ಕೊಡಿ.