"ಹೆಸರಿಗಷ್ಟೇ ಇರಿ ಸಾರ್" ಅಂದಾಗ

ಹೋದ ಜೂನ್‌ನಲ್ಲಿ ತಿಪಟೂರಿನಿಂದ ಅಣ್ಣತಮ್ಮ ಇಬ್ಬರು ತುಮಕೂರಿನ ನಮ್ಮ ಆಫೀಸಿಗೆ ಬಂದಿದ್ದರು. ಕೊಬ್ಬರಿ ಪುಡಿ ಮಾಡುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ಮೂವರು ಡೈರೆಕ್ಟರು, ಮೂವರೂ ಮನೆಯವರೇ. ಅವರ ಆಡಿಟ್ ನನ್ನದಲ್ಲ, ಅಪ್ಪನ ಕಾಲದ ಪರಿಚಯ ಅಷ್ಟೇ. ಕಾಫಿ ಮುಗಿಯುವ ಮೊದಲೇ ಅಣ್ಣ ಒಂದು ಹಾಳೆ ಮುಂದಿಟ್ಟರು. ಡಿಐಆರ್-2, ಅಂದರೆ ಡೈರೆಕ್ಟರ್ ಆಗೋದಕ್ಕೆ ಒಪ್ಪಿಗೆ ಪತ್ರ. ನನ್ನ ಹೆಸರು, ವಿಳಾಸ ಆಗಲೇ ಟೈಪಾಗಿತ್ತು, ಸಹಿ ಮಾತ್ರ ಬಾಕಿ.

"ಹೆಸರಿಗಷ್ಟೇ ಇರಿ ಸಾರ್. ಕೆಲಸ ಏನೂ ಇರಲ್ಲ."

2013ರ ಕಂಪನಿ ಕಾಯ್ದೆಯಲ್ಲಿ ಹೆಸರಿಗಷ್ಟೇ ಇರುವ ಡೈರೆಕ್ಟರ್ ಅಂತ ಯಾರೂ ಇಲ್ಲ. ಸಹಿ ಹಾಕಿದ ಮೇಲೆ ಎಚ್ಚರದಿಂದ, ಸ್ವಂತ ಬುದ್ಧಿಯಿಂದ ಕೆಲಸ ಮಾಡಬೇಕು ಅನ್ನೋದು ಎಲ್ಲರಿಗೂ ಒಂದೇ. 12 ತಿಂಗಳಲ್ಲಿ ನಡೆದ ಒಂದು ಸಭೆಗೂ ಹೋಗದಿದ್ದರೆ, ರಜೆ ಕೇಳಿದ್ದರೂ ಸರಿ, ಸೀಟು ತಾನಾಗಿಯೇ ಹೋಗುತ್ತದೆ. ಇನ್ನೂ ಕಷ್ಟದ್ದು ಬೇರೆ ಇದೆ. ಕಂಪನಿ ಸತತ ಮೂರು ವರ್ಷ ಲೆಕ್ಕಪತ್ರ ಇಲ್ಲವೇ ವಾರ್ಷಿಕ ರಿಟರ್ನ್ ಸಲ್ಲಿಸದಿದ್ದರೆ, ಆಗ ಇದ್ದ ಡೈರೆಕ್ಟರುಗಳು ಐದು ವರ್ಷ ಬೇರೆ ಕಂಪನಿಗೂ ಡೈರೆಕ್ಟರ್ ಆಗುವಂತಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಹೀಗೇ ನೆಂಟರ ಕಂಪನಿಗೆ ಹೆಸರು ಕೊಟ್ಟು, ಮಗನ ಕಂಪನಿ ಶುರು ಮಾಡುವಾಗ ಸಿಕ್ಕಿಹಾಕಿಕೊಂಡು ನನ್ನ ಹತ್ತಿರ ಬಂದಿದ್ದರು. ರಿಟರ್ನ್ ಹಾಕಿಲ್ಲ ಅನ್ನೋದೇ ಪಾಪ ಅವರಿಗೆ ಗೊತ್ತಿರಲಿಲ್ಲ.

ಸರಿ, ಸಮಯದ ಲೆಕ್ಕ ಹಾಕಿದೆ. ಮೂರು ತಿಂಗಳಿಗೊಂದು ಸಭೆ ಅಂದರು. ತಿಪಟೂರಿಗೆ ಹೋಗಿ ಬರೋದಕ್ಕೆ 3 ಗಂಟೆ, ಸಭೆ 2 ಗಂಟೆ, ಅದಕ್ಕೆ ಮೊದಲು ಸಾಲ, ದಾಸ್ತಾನು, ಬಾಕಿ ಪಟ್ಟಿ ನೆಟ್ಟಗೆ ಓದೋದಕ್ಕೆ 4 ಗಂಟೆ. ಒಂದು ಸಭೆಗೆ 9, ವರ್ಷಕ್ಕೆ 36 ಗಂಟೆ. ಅಬ್ಬಾ ಅನ್ನುವಷ್ಟೇನಲ್ಲ. ಆದರೆ ಒಂದು ಸಭೆ ಸೆಪ್ಟೆಂಬರ್‌ನಲ್ಲೇ ಬೀಳುತ್ತೆ, ಆ ತಿಂಗಳ 30ಕ್ಕೆ ಟ್ಯಾಕ್ಸ್ ಆಡಿಟ್ ಗಡುವು, ನಮ್ಮ ಆಫೀಸಲ್ಲಿ ಊಟಕ್ಕೆ ಏಳೋದೇ ಕಷ್ಟ. ಓದದೆ ಹೋಗಿ ತಲೆಯಾಡಿಸಿ ಬರೋದಾದರೆ ಹೋಗೋದಾದರೂ ಯಾಕೆ?

ಗಂಟೆಗಿಂತ ನನ್ನನ್ನು ತಡೆದದ್ದು ಬೇರೆ. "ನಾನು ಬಂದರೆ ನಿಮಗೆ ಆಗಬೇಕಾದ್ದೇನು?" ಅಂತ ಇಬ್ಬರನ್ನೂ ಕೇಳಿದೆ. "ಬ್ಯಾಂಕಿನವರಿಗೆ ನಂಬಿಕೆ ಬರುತ್ತೆ ಸಾರ್" ಅಂದರು ಅಣ್ಣ. ತಮ್ಮ ಸುಮ್ನೆ ಕೂತಿದ್ದವರು, ಅಣ್ಣ ಫೋನ್ ಬಂತು ಅಂತ ಹೊರಗೆ ಹೋದಾಗ ಮೆಲ್ಲಗೆ ಅಂದರು: "ಕೊಬ್ಬರಿ ಯಾವ ರೇಟಿಗೆ ತಗೋತಿದ್ದಾರೆ ಅಂತ ನೋಡೋರು ಒಬ್ಬರು ಬೇಕು." ಒಂದೇ ಕುರ್ಚಿ, ಒಬ್ಬರಿಗೆ ಅದು ಸಾಲಕ್ಕೆ ಜಾಮೀನಿನ ಥರ, ಇನ್ನೊಬ್ಬರಿಗೆ ಅಣ್ಣನ ಮೇಲೆ ಕಾವಲು. ಕೆಲಸ ಏನು ಅಂತ ಕರೆಯೋರಲ್ಲೇ ಒಮ್ಮತ ಇಲ್ಲದಿದ್ದರೆ ಮೊದಲ ಸಭೆಯಲ್ಲೇ ನಾನು ಯಾರೋ ಒಬ್ಬರ ಕಡೆಯವನಾಗಿಬಿಡುತ್ತೇನೆ.

ಬೇಡ ಅಂದ ತಕ್ಷಣ ಅಣ್ಣ, "ಹಾಗಾದ್ರೆ ಸಲಹಾ ಸಮಿತಿ ಮಾಡ್ತೀವಿ, ಅದರಲ್ಲಿರಿ" ಅಂದರು. ಇದು ಹಗುರ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇಂಥ ಸಮಿತಿಯ ಕೆಲಸ ಏನು ಅಂತ ಕಾಯ್ದೆ ಹೇಳೋದಿಲ್ಲ, ನಾವು ಕಾಗದದಲ್ಲಿ ಬರೆದುಕೊಂಡಿದ್ದೇ ಅದರ ಮಿತಿ. ಇವರ ಹತ್ತಿರ ಆ ಕಾಗದವೂ ಇರಲಿಲ್ಲ. ಒಬ್ಬರು ಹೇಳಿದಂತೆಯೇ ಬೋರ್ಡು ನಡೆಯುತ್ತಾ ಹೋದರೆ, ತಪ್ಪಾದಾಗ ಅವರನ್ನೂ ಹೊಣೆಗಾರರಲ್ಲಿ ಸೇರಿಸೋದಕ್ಕೆ ಕಾಯ್ದೆಯಲ್ಲಿ ದಾರಿ ಇದೆ. ವೃತ್ತಿಯಲ್ಲಿರುವವರು ವೃತ್ತಿಪರವಾಗಿ ಕೊಟ್ಟ ಸಲಹೆಗೆ ಮಾತ್ರ ವಿನಾಯಿತಿ. ಲೆಟರ್‌ಹೆಡ್‌ನಲ್ಲಿ ಹೆಸರು ಹಾಕಿಸಿಕೊಂಡು ಫೋನಲ್ಲಿ ಬುದ್ಧಿ ಹೇಳ್ತಾ ಕೂತವರು ಆಮೇಲೆ ಅದನ್ನು ಸಾಬೀತು ಮಾಡೋದು ಹೇಗೆ?

ಬಾಯಲ್ಲಿ ಹೇಳಿ ಬಿಡಲಿಲ್ಲ, ಮಾರನೇ ದಿನ ಪತ್ರ ಕಳಿಸಿದೆ. "ಡೈರೆಕ್ಟರ್ ಸ್ಥಾನ, ಸಲಹಾ ಸಮಿತಿ ಎರಡನ್ನೂ ನಾನು ಒಪ್ಪಿಕೊಳ್ಳುತ್ತಿಲ್ಲ. ಓದಿ, ಬಂದು ಕೂರುವಷ್ಟು ಸಮಯ ನನಗಿಲ್ಲ, ಕೆಲಸ ಏನೆಂಬುದೂ ಗೊತ್ತಾಗಿಲ್ಲ. ಸಹಿಯಿಲ್ಲದ ಡಿಐಆರ್-2 ವಾಪಸ್ ಕಳಿಸಿದ್ದೇನೆ. ಎಲ್ಲಾದರೂ ನನ್ನ ಹೆಸರು ಬಳಸಿದ್ದರೆ ತೆಗೆದು, ತೆಗೆದ ಪ್ರತಿ ಕಳಿಸಿ." "ಸದ್ಯಕ್ಕೆ ಆಗಲ್ಲ" ಅಂತ ಬೇಕಂತಲೇ ಬರೆಯಲಿಲ್ಲ. ಹಾಗೆ ಬರೆದರೆ ಯುಗಾದಿಗೆ ಮತ್ತೆ ಬರುತ್ತಾರೆ, ಅಲ್ವಾ?

ಕೊನೆಯ ಸಾಲು ಅಭ್ಯಾಸಬಲದಿಂದ ಬರೆದದ್ದು. ನೋಡಿದರೆ ಬ್ಯಾಂಕಿಗೆ ಕೊಡೋ ಪ್ರಾಜೆಕ್ಟ್ ರಿಪೋರ್ಟಿನ ಎರಡನೇ ಪುಟದಲ್ಲಿ ನನ್ನ ಹೆಸರು ಆಗಲೇ ಅಚ್ಚಾಗಿತ್ತು! ಅವರು ಅದನ್ನು ತೆಗೆದು ಹೊಸ ಪುಟ ಕಳಿಸಿದರು. ಅಣ್ಣ ಒಂದು ತಿಂಗಳು ಮುನಿಸಿಕೊಂಡಿದ್ದರು.

ಆಗಸ್ಟ್‌ನಲ್ಲಿ ತಮ್ಮ ಫೋನ್ ಮಾಡಿದರು. ಖರೀದಿ ಚೀಟಿ, ದಾಸ್ತಾನು ಎರಡನ್ನೂ ತಾಳೆ ಹಾಕಿ ಕೊಡ್ತೀರಾ ಅಂತ. ಇಬ್ಬರ ಸಹಿಯೂ ಇರುವ ಪತ್ರ ಕೊಡಿ ಅಂದೆ. ಕೊಟ್ಟರು. ಎರಡು ದಿನದ ಕೆಲಸ, ಫೀಸು ಮೊದಲೇ ಮಾತಾಡಿಕೊಂಡಿದ್ದು, ವರದಿ ಇಬ್ಬರ ಕೈಗೂ ಒಟ್ಟಿಗೇ.