12 ಫ್ರೇಮ್ ಕತ್ತರಿಸಿದ ಗುರುತು ಎಲ್ಲಿ ಸಿಗುತ್ತದೆ?

ಕ್ಯಾಮೆರಾ ಅಲುಗಾಡದೆ ನಿಂತಿದೆ, ಒಬ್ಬರು ಕೂತು ಮಾತಾಡುತ್ತಿದ್ದಾರೆ. ಮಧ್ಯದಲ್ಲಿ 12 ಫ್ರೇಮ್ ಕಿತ್ತುಹಾಕಿದರೆ ಕಣ್ಣಿಗೆ ಗೊತ್ತಾಗುವುದು ಕಷ್ಟ. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಅದು 0.4 ಸೆಕೆಂಡು. ಒಂದು ‘ಇಲ್ಲ’ ಮಾಯವಾಗಲು ಅಷ್ಟು ಸಾಕು.

ಆದರೆ ಫೈಲಿನ ಒಳಗೆ ಗುರುತು ಉಳಿದಿರಬಹುದು. ವಿಡಿಯೋ ಪ್ರತಿ ಫ್ರೇಮನ್ನೂ ಪೂರ್ತಿ ಚಿತ್ರವಾಗಿ ಇಟ್ಟುಕೊಳ್ಳುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ, ಅದು `I` ಫ್ರೇಮ್. ನಂತರದ `P` ಫ್ರೇಮ್‌ಗಳಲ್ಲಿ ಹಿಂದಿನದಕ್ಕಿಂತ ಏನು ಬದಲಾಯಿತು ಅನ್ನುವುದಷ್ಟೇ ಇರುತ್ತದೆ. ಒಂದು `I`, ಅದರ ನಂತರದ `P`ಗಳು ಸೇರಿ ಒಂದು ಗುಂಪು. ಹಾಗಾಗಿ ಒಂದೇ ಗುಂಪಿನ ಫ್ರೇಮ್‌ಗಳಲ್ಲಿ ಕಂಪ್ರೆಶನ್‌ನ ಕಲೆಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತವೆ, ಹೊಸ ಗುಂಪು ಶುರುವಾದಾಗ ಬದಲಾಗುತ್ತವೆ.

ನಮ್ಮ ವಿಡಿಯೋದಲ್ಲಿ 30 ಫ್ರೇಮಿಗೊಂದು `I` ಇದೆ ಅಂದುಕೊಳ್ಳಿ: 0, 30, 60, 90, 120. ಯಾರೋ 100ರಿಂದ 111ರವರೆಗೆ ಕತ್ತರಿಸಿ, ಅದೇ 30 ಫ್ರೇಮಿಗೊಂದು `I` ಬರುವಂತೆ ಮತ್ತೆ ಸೇವ್ ಮಾಡಿದರು. ಹೊಸ ಫೈಲಿನಲ್ಲೂ 120, 150ರಲ್ಲೇ `I` ಬರುತ್ತದೆ. ಆದರೆ ಹಳೆಯ 120 ಈಗ 108ಕ್ಕೆ ಸರಿದು `P` ಆಗಿದೆ. ಅಲ್ಲಿ ಕಲೆಗಳ ವಿನ್ಯಾಸ ಥಟ್ಟನೆ ಬದಲಾಗುವುದರಿಂದ ಹಿಂದಿನ ಫ್ರೇಮ್ ನೋಡಿ ಮಾಡುವ ಅಂದಾಜು ತಪ್ಪುತ್ತದೆ, ದೃಶ್ಯದಲ್ಲಿ ಏನೂ ನಡೆಯದಿದ್ದರೂ ಆ `P` ಅಕ್ಕಪಕ್ಕದವಕ್ಕಿಂತ ದಪ್ಪಗಾಗುತ್ತದೆ. ಆಮೇಲೆ 138, 168ರಲ್ಲೂ ಹಾಗೇ. ಕತ್ತರಿಗೆ ಮೊದಲು ಈ ಉಬ್ಬುಗಳೇ ಇಲ್ಲ, ಯಾಕೆಂದರೆ ಅಲ್ಲಿ ಹಳೆಯ `I` ಮೇಲೆ ಹೊಸ `I` ಸರಿಯಾಗಿ ಕೂತಿದೆ. 2006ರಲ್ಲಿ ಸಂಶೋಧಕರಾದ ವೇಹಾಂಗ್ ವಾಂಗ್ ಮತ್ತು ಹ್ಯಾನಿ ಫರೀದ್ ಎಂಪೆಗ್ ವಿಡಿಯೋಗಳಲ್ಲಿ ಇದನ್ನೇ ತೋರಿಸಿದರು.

FFmpeg ಜೊತೆ ಬರುವ `ffprobe` ಅನ್ನುವ ಉಚಿತ ಸಾಧನದಿಂದ ನೀವೂ ನೋಡಬಹುದು:

```
ffprobe -v error -select_streams v:0 -show_entries frame=pkt_size,pict_type -of csv=p=0 video.mp4
```

ಪ್ರತಿ ಫ್ರೇಮಿನ ಗಾತ್ರ, ಬಗೆ ಸಾಲಾಗಿ ಬರುತ್ತವೆ. `P`ಗಳನ್ನು ಮಾತ್ರ ಗ್ರಾಫ್ ಹಾಕಿ. ಗಾತ್ರ ಒರಟು ಅಂದಾಜಷ್ಟೇ, ಆದರೂ ಕದಲದ ದೃಶ್ಯದಲ್ಲಿ ಉಬ್ಬು ಎದ್ದು ಕಾಣಬಹುದು. ನಮ್ಮ ಉದಾಹರಣೆಯಲ್ಲಿ ಉಬ್ಬುಗಳು ಹೊಸ `I`ನಿಂದ 18 ಫ್ರೇಮ್ ಮುಂದಿವೆ, ಅಂದರೆ ಹೋಗಿದ್ದು 12, ಇಲ್ಲವೇ 42, ಇಲ್ಲವೇ 72. ಸರಿಯಾಗಿ 30 ಕತ್ತರಿಸಿದ್ದರೆ? ಈ ಉಬ್ಬುಗಳು ಏಳುವುದೇ ಇಲ್ಲ.

ಒಂದು ತಪ್ಪು ಮಾತ್ರ ದಯವಿಟ್ಟು ಮಾಡಬೇಡಿ. ಉಬ್ಬು ಕಂಡ ತಕ್ಷಣ ‘ಎಡಿಟ್ ಆಗಿದೆ’ ಅನ್ನಬೇಡಿ. ಸುಮ್ನೆ ಯಾರಿಗೋ ಕಳಿಸುವಾಗ ಆ್ಯಪ್ ಮತ್ತೆ ಕಂಪ್ರೆಸ್ ಮಾಡಿದರೂ ಉಬ್ಬು ಏಳಬಹುದು. ಆದರೆ ಅಲ್ಲಿ ಮೊದಲಿಂದ ಕೊನೆವರೆಗೆ ಒಂದೇ ತಾಳ ಇರುತ್ತದೆ. ಹುಡುಕಬೇಕಾದ್ದು ತಾಳ ತಪ್ಪಿದ ಜಾಗ. ಅದರಲ್ಲೂ ಎಚ್ಚರ ಬೇಕು: ಫ್ರೇಮ್ ರೇಟ್ ಬದಲಿಸಿದಾಗ ಅಲ್ಲಲ್ಲಿ ಒಂದೊಂದು ಫ್ರೇಮ್ ಬಿದ್ದುಹೋಗಿ, ಯಾರೂ ಕತ್ತರಿಸದೆಯೇ ತಾಳ ಜಾರಬಹುದು. ಎರಡನೇ ಸಲದ ಕಂಪ್ರೆಶನ್ ತುಂಬಾ ಜಾಸ್ತಿಯಾದರೆ ಹಳೆಯ ಕಲೆಗಳೇ ಅಳಿಸಿಹೋಗುತ್ತವೆ. ಆಗ ಗ್ರಾಫ್ ಚಪ್ಪಟೆ. ಅದನ್ನು ನೋಡಿ ‘ವಿಡಿಯೋ ಅಸಲಿ’ ಅಂತಲೂ ಹೇಳಲಾಗದು. ಫಾರ್ವರ್ಡ್ ಆದ ಪ್ರತಿ ಬಿಟ್ಟು, ಚಿತ್ರೀಕರಿಸಿದ ಫೋನಿನಿಂದಲೇ ನೇರವಾಗಿ ನಕಲು ಮಾಡಿದ ಫೈಲ್ ಕೇಳಿ.