ಇಪ್ಪತ್ತೆರಡು ಪುಟದ ಬೋರ್ಡ್ ಪೇಪರನ್ನು ಅರ್ಧ ಪುಟಕ್ಕೆ ಇಳಿಸುವುದು: ಒಂದು ಸಾಲದ ಪ್ರಸ್ತಾವ

ಕಂಪನಿ ಸೆಕ್ರೆಟರಿ ಪರೀಕ್ಷೆಗೆ ಓದುತ್ತಲೇ ಒಂದು ಕಂಪನಿಯ ಸೆಕ್ರೆಟರಿಯವರ ಕಚೇರಿಯಲ್ಲಿ ತರಬೇತಿ ಪಡೆಯುತ್ತಿದ್ದೇನೆ. ಷೇರುಪೇಟೆಯಲ್ಲಿ ನೋಂದಾಯಿಸದ ಪಬ್ಲಿಕ್ ಕಂಪನಿ ಅದು. ಕಳೆದ ವಾರ ಎಂ.ಡಿ. ಅವರಿಗಾಗಿ ಒಂದು ಬೋರ್ಡ್ ಪೇಪರಿನ ಸಾರವನ್ನು ಅರ್ಧ ಪುಟದಲ್ಲಿ ಬರೆಯಬೇಕಾಯಿತು. ಮೂರು ಸಲ ತಿದ್ದಿಸಿಕೊಂಡ ಮೇಲೆ ತಿಳಿದದ್ದನ್ನು ಮರೆಯುವ ಮೊದಲು ಇಲ್ಲಿ ಬರೆದಿಡುತ್ತಿದ್ದೇನೆ. ಅಂಕಿಗಳನ್ನು ಸರಳಗೊಳಿಸಿದ್ದೇನೆ, ಕಚೇರಿಯಲ್ಲಿ ಇಂಗ್ಲಿಷಿನಲ್ಲಿದ್ದ ಸಾರವನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ.

ಪ್ರಸ್ತಾವ

ಹಣಕಾಸು ವಿಭಾಗ ಸಿದ್ಧಪಡಿಸಿದ ಪೇಪರಿನಲ್ಲಿ 22 ಪುಟಗಳಿದ್ದವು. ಯುರೋಪಿನಿಂದ ಒಂದು ಯಂತ್ರವನ್ನು ತರಿಸಲು ಬ್ಯಾಂಕಿನಿಂದ 30 ಕೋಟಿ ರೂಪಾಯಿ ಟರ್ಮ್ ಲೋನ್ ಪಡೆಯಬೇಕು, ಅದಕ್ಕೆ ಮಂಡಳಿಯ ಒಪ್ಪಿಗೆ ಬೇಕು ಎಂಬುದು ಅದರ ತಿರುಳು. ಮಂಡಳಿಯ ಸಭೆ ಸೆಪ್ಟೆಂಬರ್ 8ಕ್ಕೆ. ಬ್ಯಾಂಕಿನ ಮಂಜೂರಾತಿ ಪತ್ರ ಸೆಪ್ಟೆಂಬರ್ 30ರವರೆಗೆ ಮಾತ್ರ ಊರ್ಜಿತ. ಅಷ್ಟರೊಳಗೆ ಸಾಲದ ದಾಖಲೆಗಳಿಗೆ ಸಹಿಯಾಗಬೇಕು. ಈ ಕೊನೆಯ ಮಾತು ಇದ್ದದ್ದು ಪೇಪರಿನ ಒಡಲಿನಲ್ಲಲ್ಲ, ಮೂರನೆಯ ಅನುಬಂಧದಲ್ಲಿ.

ಮಾರುಕಟ್ಟೆಯ ಬೆಳವಣಿಗೆ, ಯಂತ್ರದ ತಾಂತ್ರಿಕ ವಿವರ, ಬೇರೆ ತಯಾರಕರ ದರಗಳು, ಇವನ್ನೆಲ್ಲ ಬಿಡುವುದು ನನಗೆ ಕಷ್ಟವಾಗಲಿಲ್ಲ. ತೊಡಕಾದದ್ದು ‘ಬೇಕಾದ ನಿರ್ಧಾರ’ ಎಂಬ ಒಂದೇ ಸಾಲು.

ನಿರ್ಧಾರ ಯಾರದು?

ನನ್ನ ಮೊದಲ ಕರಡಿನಲ್ಲಿ ‘ಬೇಕಾದ ನಿರ್ಧಾರ: 30 ಕೋಟಿ ರೂಪಾಯಿ ಸಾಲಕ್ಕೆ ಅನುಮೋದನೆ’ ಎಂದಿತ್ತು. ಪೇಪರಿನ ಕೊನೆಯ ಪುಟದಲ್ಲಿದ್ದ ಕರಡು ನಿರ್ಣಯವನ್ನು ಹಾಗೆಯೇ ಎತ್ತಿಕೊಂಡಿದ್ದೆ. ನಮ್ಮ ಸೆಕ್ರೆಟರಿ ಮೇಡಂ ಅದನ್ನು ಓದಿ, “ಮಂಡಳಿ ಒಪ್ಪಿದ ಮರುದಿನವೇ ಬ್ಯಾಂಕಿಗೆ ಹೋಗಿ ಸಹಿ ಹಾಕಬಹುದೇ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ಯಾವ ಪೇಪರ್ ಬಂದರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ.

ಸಾಲ ಪಡೆಯುವ ಅಧಿಕಾರವನ್ನು ಮಂಡಳಿ ಸಭೆಯಲ್ಲಿ ನಿರ್ಣಯದ ಮೂಲಕ ಚಲಾಯಿಸಬೇಕೆಂದು 2013ರ ಕಂಪನಿ ಕಾಯ್ದೆಯ 179(3)ನೇ ವಿಧಿ ಹೇಳುತ್ತದೆ. ನಾನು ಅಲ್ಲಿಗೇ ನಿಂತಿದ್ದೆ. ಆದರೆ 180(1)(ಸಿ) ವಿಧಿಯ ಪ್ರಕಾರ ಪಬ್ಲಿಕ್ ಕಂಪನಿಯ ಹಳೆಯ ಮತ್ತು ಹೊಸ ಸಾಲಗಳ ಮೊತ್ತವು ಪಾವತಿಯಾದ ಷೇರು ಬಂಡವಾಳ, ಮುಕ್ತ ಮೀಸಲು ಮತ್ತು ಸೆಕ್ಯುರಿಟೀಸ್ ಪ್ರೀಮಿಯಂ ಈ ಮೂರರ ಮೊತ್ತವನ್ನು ಮೀರಿದರೆ, ಸದಸ್ಯರ, ಅಂದರೆ ಷೇರುದಾರರ, ವಿಶೇಷ ನಿರ್ಣಯವೂ ಬೇಕು.

ನಮ್ಮ ಲೆಕ್ಕ ಹೀಗಿತ್ತು. ಬಂಡವಾಳ 10 ಕೋಟಿ, ಮುಕ್ತ ಮೀಸಲು 26 ಕೋಟಿ, ಪ್ರೀಮಿಯಂ 4 ಕೋಟಿ; ಅಲ್ಲಿಗೆ ಮಿತಿ 40 ಕೋಟಿ. ಹಳೆಯ ಟರ್ಮ್ ಲೋನಿನ ಬಾಕಿ 18 ಕೋಟಿ, ಹೊಸದು 30 ಕೋಟಿ. ಒಟ್ಟು 48 ಕೋಟಿ. ಅಂದರೆ ಮಿತಿಯನ್ನು 8 ಕೋಟಿ ಮೀರುತ್ತದೆ. ಬ್ಯಾಂಕಿನಲ್ಲಿ 12 ಕೋಟಿಯ ಕ್ಯಾಶ್ ಕ್ರೆಡಿಟ್ ಬಾಕಿಯೂ ಇತ್ತು. ನಾನು ಅದನ್ನೂ ಕೂಡಿಸಿ 60 ಎಂದು ಬರೆದಿದ್ದೆ, ಅದು ತಪ್ಪು. ದೈನಂದಿನ ವಹಿವಾಟಿಗಾಗಿ ಬ್ಯಾಂಕಿನಿಂದ ಪಡೆದ, ಕೇಳಿದ ಕೂಡಲೇ ಅಥವಾ ಆರು ತಿಂಗಳೊಳಗೆ ತೀರಿಸಬೇಕಾದ ತಾತ್ಕಾಲಿಕ ಸಾಲವನ್ನು ಈ ಲೆಕ್ಕದಿಂದ ಹೊರಗಿಡಬೇಕು. ಈ ಕಂಪನಿಯಲ್ಲಿ ಹಿಂದೆ ಅಂಥ ವಿಶೇಷ ನಿರ್ಣಯ ಯಾವುದೂ ಆಗಿರಲಿಲ್ಲ. ಆಗಿದ್ದರೆ ಅದರಲ್ಲಿ ಹೇಳಿದ ಮಿತಿಯನ್ನೇ ನೋಡಬೇಕಾಗುತ್ತಿತ್ತು.

ದಿನಗಳ ಎಣಿಕೆ

ವಿಶೇಷ ನಿರ್ಣಯವೆಂದರೆ ಸದಸ್ಯರ ಸಭೆ, ಸಭೆಯೆಂದರೆ 21 ಪೂರ್ಣ ದಿನಗಳ ನೋಟಿಸು. ಸೆಪ್ಟೆಂಬರ್ 8ಕ್ಕೆ 21 ಸೇರಿಸಿ ‘29ರಂದು ಸಭೆ ಸಾಧ್ಯ’ ಎಂದು ನಾನು ಬರೆದಿದ್ದೆ. ಪೂರ್ಣ ದಿನ ಎಂದಾಗ ನೋಟಿಸು ಕಳಿಸಿದ ದಿನವನ್ನೂ ಎಣಿಸುವಂತಿಲ್ಲ, ಸಭೆಯ ದಿನವನ್ನೂ ಎಣಿಸುವಂತಿಲ್ಲ. ಮಂಡಳಿಯ ಸಭೆ ಮುಗಿದ ದಿನವೇ ಇಮೇಲಿನಲ್ಲಿ ಕಳಿಸಿದರೂ 9ರಿಂದ 29ರವರೆಗೆ 21 ದಿನ, ಸಭೆ 30ಕ್ಕೆ. ಒಂದು ದಿನ ತಡವಾದರೆ ಸಭೆ ಅಕ್ಟೋಬರ್ 1ಕ್ಕೆ, ಅಷ್ಟರಲ್ಲಿ ಮಂಜೂರಾತಿ ಮುಗಿದಿರುತ್ತದೆ. ಅಂಚೆಯಲ್ಲಿ ಕಳಿಸುವುದಾದರೆ ಇನ್ನೂ ಎರಡು ದಿನ ಬೇಕು.

ಕಡಿಮೆ ಅವಧಿಯ ನೋಟಿಸಿನ ದಾರಿಯೂ ಇದೆ. ಆದರೆ ಅದಕ್ಕೆ ಸದಸ್ಯರಲ್ಲಿ ಹೆಚ್ಚಿನವರ ಒಪ್ಪಿಗೆ ಬೇಕು, ಮತ್ತು ಹಾಗೆ ಒಪ್ಪಿದವರ ಬಳಿ ಮತಾಧಿಕಾರವಿರುವ ಬಂಡವಾಳದ ಕನಿಷ್ಠ ಶೇ. 95 ಇರಬೇಕು. ಇಲ್ಲಿ ಶೇ. 7ರಷ್ಟು ಷೇರು ಹೊಂದಿದ ಕುಟುಂಬವೊಂದು ವಿದೇಶದಲ್ಲಿತ್ತು. ಅವರ ಒಪ್ಪಿಗೆಯಿಲ್ಲದೆ ಶೇ. 95 ತುಂಬುವುದಿಲ್ಲ.

ಇಷ್ಟು ತಿಳಿದ ಮೇಲೆ ಒಂದು ನಿರ್ಧಾರ ಮೂರಾಯಿತು: ಸಭೆಗೆ ಮೊದಲೇ ಎಂ.ಡಿ. ಮಾಡಬೇಕಾದದ್ದು, ಮಂಡಳಿ ಮಾಡಬೇಕಾದದ್ದು, ಸದಸ್ಯರು ಮಾಡಬೇಕಾದದ್ದು. ಮೊದಲನೆಯದು ಮೂಲ ಪೇಪರಿನಲ್ಲಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ಆ ಪೇಪರ್ ಮಂಡಳಿಯನ್ನು ಉದ್ದೇಶಿಸಿ ಬರೆದದ್ದು.

ಅಪಾಯ

ಪೇಪರಿನಲ್ಲಿ ಒಂಬತ್ತು ಅಪಾಯಗಳ ಕೋಷ್ಟಕವಿತ್ತು. ಎಂ.ಡಿ. ಈಗಲೇ ಏನಾದರೂ ಮಾಡಬಹುದಾದ ಎರಡನ್ನು ಮಾತ್ರ ಉಳಿಸಿಕೊಂಡೆ. ‘ವಿದೇಶಿ ವಿನಿಮಯದ ಅಪಾಯವಿದೆ’ ಎಂಬುದು ಬರಿಯ ತಲೆಬರಹ. ಯಾವುದರಿಂದ, ಎಷ್ಟು, ಯಾವಾಗ ಎಂಬುದು ಬಂದರೆ ಮಾತ್ರ ಅದು ಓದುವವರಿಗೆ ಉಪಯೋಗ. ಯಂತ್ರದ ಬೆಲೆ 30 ಲಕ್ಷ ಯುರೋ, ಅದರಲ್ಲಿ 3 ಲಕ್ಷ ಮುಂಗಡ ಸಂದಾಯವಾಗಿದೆ. ಆದ್ದರಿಂದ ಯುರೋ ಒಂದು ರೂಪಾಯಿ ಏರಿದರೆ ಹೆಚ್ಚುವ ಹೊರೆ 27 ಲಕ್ಷ ರೂಪಾಯಿ, 30 ಲಕ್ಷವಲ್ಲ.

ಕೊನೆಗೆ ಹೋದ ಸಾರ

> ವಿಷಯ: ಯಂತ್ರ ಖರೀದಿಗೆ 30 ಕೋಟಿ ರೂ. ಟರ್ಮ್ ಲೋನ್. ಮಂಡಳಿ ಸಭೆ: ಸೆಪ್ಟೆಂಬರ್ 8.
>
> ನಿಮ್ಮಿಂದ, ಸೆಪ್ಟೆಂಬರ್ 5ರೊಳಗೆ: ಮಂಜೂರಾತಿಯನ್ನು ಅಕ್ಟೋಬರ್ 31ರವರೆಗೆ ವಿಸ್ತರಿಸುವಂತೆ ಬ್ಯಾಂಕಿಗೆ ಪತ್ರ. ಕರಡು ಲಗತ್ತಿಸಿದೆ.
>
> ಮಂಡಳಿಯಿಂದ: ಸಾಲಕ್ಕೆ ಒಪ್ಪಿಗೆ, ಸದಸ್ಯರ ಸಭೆ ಕರೆಯಲು ತೀರ್ಮಾನ.
>
> ಸದಸ್ಯರಿಂದ: ವಿಶೇಷ ನಿರ್ಣಯ. ಒಟ್ಟು ಸಾಲ 48 ಕೋಟಿ ರೂ. ಆಗಿ, 40 ಕೋಟಿಯ ಮಿತಿಯನ್ನು ಮೀರುತ್ತದೆ.
>
> ಅಪಾಯ 1: ನೋಟಿಸು ಸೆಪ್ಟೆಂಬರ್ 8ರಂದೇ ಹೋದರೂ ಸದಸ್ಯರ ಸಭೆ 30ಕ್ಕೆ ಮೊದಲು ಆಗದು, ಮಂಜೂರಾತಿ ಮುಗಿಯುವುದೂ ಅಂದೇ.
>
> ಅಪಾಯ 2: ಬಾಕಿ 27 ಲಕ್ಷ ಯುರೋಗೆ ದರ ನಿಗದಿ ಮಾಡಿಕೊಂಡಿಲ್ಲ. ಯುರೋ 1 ರೂ. ಏರಿದರೆ 27 ಲಕ್ಷ ರೂ. ಹೆಚ್ಚುವರಿ ವೆಚ್ಚ.
>
> ಬೇರೆ ದಾರಿ: ಸಾಲವನ್ನು 22 ಕೋಟಿಗೆ ಇಳಿಸಿದರೆ ವಿಶೇಷ ನಿರ್ಣಯ ಬೇಡ, ಉಳಿದ 8 ಕೋಟಿಯನ್ನು ಸ್ವಂತ ನಿಧಿಯಿಂದ ಹೊಂದಿಸಬೇಕು.

ಶಿಫಾರಸನ್ನು ಬರೆಯಲಿಲ್ಲ, ಏಕೆಂದರೆ 8 ಕೋಟಿ ಸ್ವಂತ ನಿಧಿ ಒದಗುತ್ತದೆಯೇ ಎಂಬುದನ್ನು ಹಣಕಾಸು ಮುಖ್ಯಸ್ಥರು ಹೇಳಬೇಕು. ವಿಧಿಗಳ ಸಂಖ್ಯೆಯನ್ನು ಮೇಡಂ ತೆಗೆಸಿದರು. ಅವು ಬೇಕಿರುವುದು ನಿರ್ಣಯದ ಪಠ್ಯದಲ್ಲಿ. ಆದರೆ 48 ಮತ್ತು 40 ಎಂಬ ಎರಡು ಅಂಕಿಗಳನ್ನು ಉಳಿಸಿದರು, ಏಕೆಂದರೆ ‘ಸದಸ್ಯರ ಬಳಿಗೆ ಏಕೆ ಹೋಗಬೇಕು?’ ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ ಎಂ.ಡಿ. ಪುಟ ತಿರುವದೆ ಉತ್ತರಿಸಬೇಕು.

ಹಾಳೆ ಮಧ್ಯಾಹ್ನ ಮರಳಿ ಬಂತು. ‘ಬೇರೆ ದಾರಿ’ ಎಂಬ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯಿತ್ತು: 22 ಕೋಟಿಗೆ ಇಳಿಸಿದರೆ ಬ್ಯಾಂಕು ಬಡ್ಡಿದರವನ್ನು ಬದಲಿಸುತ್ತದೆಯೇ? ಮಂಜೂರಾತಿ ಪತ್ರವನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿ ಆ ಬಗ್ಗೆ ಏನೂ ಇರಲಿಲ್ಲ. ವಿಸ್ತರಣೆ ಕೋರುವ ಪತ್ರದ ಕರಡಿಗೆ ಆ ಪ್ರಶ್ನೆಯನ್ನು ಎರಡನೆಯ ಪ್ಯಾರಾ ಆಗಿ ಸೇರಿಸಿ ಕಳಿಸಿದೆವು.